ಕುರಿ ಅಂದ ಪೆಟ್ಟಿಗೆ, ಮೇಕೆ ಅಂದ ಹುಡುಗಿ

ಮೇಘನಾ, ಚಿರಂತ್, ಇದನ್ನು ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಮೇಘನಾ ನರ್ಸರಿ ಶಾಲೆಗೆ ಕೆಲಸಕ್ಕೆ ಸೇರುತ್ತಾಳೆ ಅಂತ ತಿಳಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಬರೆಯಲು ಕೂತರೆ ಒಲೆ ಆರಿಸಿದೆನೋ ಇಲ್ಲವೋ ಅನಿಸುತ್ತದೆ. ಎದ್ದು ನೋಡಿದರೆ ಆರಿಸಿರುತ್ತೇನೆ. ಮತ್ತೆ ಬಂದು ಕೂರುತ್ತೇನೆ.

ಮೊನ್ನೆ ಊಟಕ್ಕೆ ಕೂತಾಗ ಚಿರಂತ್ ಕೇಳಿದ: "ಅಜ್ಜಿ, ಕುರಿ ಕೋಳಿ ಒಗಟು ಹೇಳೋಕೆಲ್ಲ ಟ್ರೈನಿಂಗ್ ಬೇಕಾ? ಅಂಬಾ ಅಂದ್ರೆ ಹಸು, ಮುಗೀತಲ್ಲ!" ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸ್ವಭಾವ ನಿಮಗೆ ಗೊತ್ತು. ಹೇಳಬೇಕಾದ ಮಾತು ನನಗೆ ತಟ್ಟೆ ತೊಳೆಯುವಾಗ ನೆನಪಿಗೆ ಬರುತ್ತದೆ. ಈ ಸ್ವಭಾವದಿಂದಲೇ ಒಮ್ಮೆ ಒಂದು ಮಗುವಿಗೆ ಅನ್ಯಾಯ ಮಾಡಿದೆ. ಅದನ್ನು ಹೇಳದೆ ಬರೀ ಕೆಲಸದ ಬುದ್ಧಿಮಾತು ಹೇಳಿದರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ.

ನಿಮ್ಮ ತಾತ ತೀರಿಹೋದಾಗ ನಿಮ್ಮಪ್ಪನಿಗೆ ಎಂಟು ವರ್ಷ. ನಾನು ಓದಿದ್ದು ಕೆ.ಆರ್. ಪುರದ ಆಚೆ ನಮ್ಮ ಹಳ್ಳಿಯ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ರಿಚರ್ಡ್ಸ್ ಟೌನಿನ ಒಂದು ಹಳೇ ಬಂಗಲೆಯಲ್ಲಿ ನಡೆಯುತ್ತಿದ್ದ ಶಿಶುವಿಹಾರಕ್ಕೆ ಆಯಾ ಆಗಿ ಸೇರಿದೆ. ಮಕ್ಕಳ ಮೂಗು ಒರೆಸುವುದು, ಚಪ್ಪಲಿ ಜೋಡಿಸುವುದು, ಚಡ್ಡಿ ಬದಲಾಯಿಸುವುದು. ಮಕ್ಕಳು ಬರುತ್ತಿದ್ದುದು ಶಿವಾಜಿನಗರ, ಹಲಸೂರು, ಕಮ್ಮನಹಳ್ಳಿ ಕಡೆಯಿಂದ. ಒಂದು ಮಗು ಮನೆಯಲ್ಲಿ ತಮಿಳು ಆಡಿದರೆ, ಪಕ್ಕದ್ದು ಉರ್ದು, ಅದರ ಪಕ್ಕದ್ದು ತೆಲುಗು. ಕನ್ನಡದ ಪೀರಿಯಡ್ಡು ಅಂದರೆ ಎಲ್ಲವೂ ಸೇರಿದ ಸಂತೆ.

ಒಂದು ದಿನ ಕನ್ನಡದ ಟೀಚರ್ ಬರಲಿಲ್ಲ. ಮಕ್ಕಳು ಅಳುತ್ತಿದ್ದವು. ಏನೂ ತೋಚದೆ ನಾನು ನೆಲದ ಮೇಲೆ ಕೂತು, ಕೋಳಿ ಮೊಟ್ಟೆ ಇಟ್ಟ ಮೇಲೆ ಕೂಗುವ ಹಾಗೆ "ಕೊಕ್ ಕೊಕ್ ಕೊಕ್ ಕೊಕ್ಕೋ" ಅಂದೆ. ಅಳು ನಿಂತಿತು. "ನಾನು ಯಾರು?" ಅಂದೆ. ಹದಿನೈದು ಬಾಯಿ ಒಟ್ಟಿಗೆ ಕೋಳಿ, ಮುರ್ಗಿ, ಕೋಡಿ ಅಂತ ಕೂಗಿದವು. ನಮ್ಮ ಹೆಡ್ ಮಿಸ್ ಸ್ಟೆಲ್ಲಾ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ದೊಡ್ಡ ಹೂವಿನ ಕಾಟನ್ ಸೀರೆ, ಕತ್ತಿನಲ್ಲಿ ದಾರ ಕಟ್ಟಿದ ಕನ್ನಡಕ. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಅವರು, "ಜಯಾ, ನಾಳೆಯಿಂದ ದಿನಾ ಹದಿನೈದು ನಿಮಿಷ ಇದನ್ನೇ ಮಾಡಿ," ಅಂದರು. ನನ್ನನ್ನು ಟೀಚರ್ ಮಾಡಿದ್ದು ಆ ಕೋಳಿ.

ಅಂಬಾ ಅಂದರೆ ಹಸು, ಮುಗಿಯಿತು ಅಂತ ಚಿರಂತನ ಹಾಗೆ ನಾನೂ ಅಂದುಕೊಂಡಿದ್ದೆ. ಮೊದಲ ವಾರವೇ ಬುದ್ಧಿ ಬಂತು. "ನಾನು ನಿಮಗೆಲ್ಲ ದಿನಾ ಬೆಳಿಗ್ಗೆ ಹಾಲು ಕೊಡ್ತೀನಿ, ನಾನು ಯಾರು?" ಅಂತ ಕೇಳಿದೆ. ಹಲಸೂರಿನ ಪ್ರಭು ಅನ್ನುವ ಹುಡುಗ ಎದ್ದು ನಿಂತು, "ಬೂತ್ ಅಂಕಲ್!" ಅಂದ. ನಾನು ತಪ್ಪು ಅಂದೆ. ಆಮೇಲೆ ಸ್ಟೆಲ್ಲಾ ಮಿಸ್ ಕರೆದು, "ಯಾಕೆ ತಪ್ಪು? ಅವನ ಮನೆಗೆ ಹಾಲು ಯಾರು ಕೊಡ್ತಾರೆ? ನೀವು ಹೇಳಿದ್ದಕ್ಕೆಲ್ಲ ಅವನ ಉತ್ತರ ಹೊಂದುತ್ತಲ್ಲ. ತಪ್ಪಿದ್ದು ನಿಮ್ಮ ಒಗಟು," ಅಂದರು.

ಅವತ್ತಿನಿಂದ ಒಗಟು ಕಟ್ಟುವುದನ್ನು ನಿಜವಾಗಿ ಕಲಿಯತೊಡಗಿದೆ. ಮೇಘನಾ, ಇದನ್ನು ಗಮನವಿಟ್ಟು ಓದು.

ನಾಲ್ಕೈದು ವರ್ಷದ ಮಗುವಿಗೆ ದೊಡ್ಡವರ ಒಗಟು ಬೇಡ. ಅದನ್ನು ಇದಕ್ಕೆ ಹೋಲಿಸಿ ಹೇಳುವ ಚಮತ್ಕಾರ ಅವಕ್ಕೆ ತಿಳಿಯುವುದಿಲ್ಲ. ಹೇಳಿದ್ದೆಲ್ಲ ನಿಜವಾಗಿರಬೇಕು, ಕಣ್ಣಿಗೆ ಕಂಡದ್ದಾಗಿರಬೇಕು. ಮೂರೋ ನಾಲ್ಕೋ ಸುಳಿವು ಸಾಕು, ಐದಾದರೆ ಮೊದಲನೆಯದನ್ನು ಮರೆತಿರುತ್ತವೆ. ಮೊದಲ ಸುಳಿವು ಬಹಳ ಪ್ರಾಣಿಗಳಿಗೆ ಹೊಂದಬೇಕು, ಎರಡನೆಯದು ಸ್ವಲ್ಪಕ್ಕೆ, ಕೊನೆಯದು ಒಂದಕ್ಕೇ. ಹೀಗೆ:

ನನಗೆ ನಾಲ್ಕು ಕಾಲು, ಎರಡು ಕೊಂಬು.
ಹುಲ್ಲು ತಿಂದು, ಮಲಗಿ, ಮತ್ತೆ ಅದನ್ನೇ ಮೆಲ್ಲುತ್ತೇನೆ.
ನನ್ನ ಕರು ಕಾಣದಿದ್ದರೆ ಕರೆಯುತ್ತೇನೆ, ಅಂಬಾ!
ನಾನು ಯಾರು?

ಕೂಗು ಯಾವಾಗಲೂ ಕೊನೆಗೆ ಬರಬೇಕು. ಮೊದಲೇ ಕೂಗಿಬಿಟ್ಟರೆ ಮಗು ಯೋಚಿಸುವುದಿಲ್ಲ, ಹಾರಿ ಉತ್ತರ ಹೇಳುತ್ತದೆ. ತೀರ ಚಿಕ್ಕವಕ್ಕೆ ಮಾತ್ರ ಇದನ್ನು ತಿರುವುಮುರುವು ಮಾಡು: ಅವಕ್ಕೆ ಮೊದಲು ಕೂಗು, ಆಮೇಲೆ ಕಾಲು, ಕೊಂಬು. ಅವು ಯೋಚಿಸಬೇಕಾಗಿಲ್ಲ, ಖುಷಿಪಟ್ಟರೆ ಸಾಕು. ಕೂಗನ್ನು ಪುಸ್ತಕದಿಂದ ಕಲಿಯಬೇಡ. ಹುಂಜಕ್ಕೆ ನಾನು ಕೊಕ್ಕೋ ಕೋ ಅಂದರೆ ತಮಿಳಿನ ಮಗು ಕೊಕ್ಕರಕ್ಕೋ ಅನ್ನುತ್ತಿತ್ತು, ಉರ್ದುವಿನದು ಕುಕ್ಡೂ ಕೂ ಅನ್ನುತ್ತಿತ್ತು. ಮೊದಮೊದಲು ತಿದ್ದುತ್ತಿದ್ದೆ. ಹುಂಜ ಯಾವ ಭಾಷೆಯದೂ ಅಲ್ಲವಲ್ಲ! ಆಮೇಲೆ ಎಲ್ಲರ ಕೂಗನ್ನೂ ಒಪ್ಪಿಕೊಂಡೆ, ಒಂದೊಂದು ದಿನ ಒಬ್ಬೊಬ್ಬರ ಮನೆಯ ಹುಂಜ ಕೂಗುತ್ತಿತ್ತು. ಉತ್ತರವನ್ನೂ ಅವರವರ ಭಾಷೆಯಲ್ಲೇ ಹೇಳಬಹುದಿತ್ತು.

ಇನ್ನೊಂದು ಇದೆ. ಉತ್ತರ ಗೊತ್ತಾದ ಮಗು ಕೂಗಬಾರದು, ತಲೆ ಮೇಲೆ ಕೈ ಇಟ್ಟುಕೊಳ್ಳಬೇಕು. ನಾನು ಒಂದೊಂದೇ ಬೆರಳು ಮಡಿಸುತ್ತಾ ಐದು ಎಣಿಸುವವರೆಗೂ ಕಾಯುತ್ತಿದ್ದೆ. ನಿಧಾನದ ಮಕ್ಕಳಿಗೆ ಆ ಐದು ಬೆರಳೇ ಬೇಕು. ಆಮೇಲೆ ಒಬ್ಬರನ್ನು ಕೇಳುತ್ತಿದ್ದೆ. ಉತ್ತರ ಸರಿಯಿರಲಿ, ತಪ್ಪಿರಲಿ, ಮುಂದಿನ ಪ್ರಶ್ನೆ ಒಂದೇ: "ಹೇಗೆ ಗೊತ್ತಾಯ್ತು?" ಒಗಟಿನ ಜೀವ ಇರುವುದು ಅಲ್ಲಿ. "ಕೊಂಬು ಅಂದ್ರಲ್ಲ ಮಿಸ್, ಅದಕ್ಕೆ" ಅಂತ ಮಗು ಹೇಳಿದಾಗ, ಅದು ಕೇಳಿಸಿಕೊಂಡು ಜೋಡಿಸಿದೆ ಅಂತ ಗೊತ್ತಾಗುತ್ತದೆ. ಆ ಪ್ರಶ್ನೆ ಕೇಳದಿದ್ದರೆ ಒಗಟು ಬರೀ ಗದ್ದಲ.

ನನ್ನ ಜಾಗ ಬಿಟ್ಟು ಎದ್ದೆ ನೋಡಿ ಮತ್ತೆ. ಕೆಳಗೆ ತರಕಾರಿ ಗಾಡಿ ಬಂದಿತ್ತು, ಏನೂ ತೆಗೆದುಕೊಳ್ಳಲಿಲ್ಲ. ಮುಂದಿನ ಮಾತು ಬರೆಯಲು ಮನಸ್ಸು ಹಿಂಜರಿಯುತ್ತಿದೆ.

ನಿವೃತ್ತಿಗೆ ಎರಡು ವರ್ಷ ಇರುವಾಗ ಶಾಲೆಗೆ ಸದ್ದಿನ ಪೆಟ್ಟಿಗೆ ಬಂತು. ಬ್ಯಾಟರಿಯದು, ಮೇಲೆ ಪ್ರಾಣಿಗಳ ಚಿತ್ರ. ಚಿತ್ರ ಒತ್ತಿದರೆ ಅದರ ಕೂಗು ಬರುತ್ತದೆ. ಒಳ್ಳೆಯ ವಸ್ತುವೇ. ನನ್ನ ಗಂಟಲು ಕೆಟ್ಟ ದಿನ ಸಹಾಯವಾಗುತ್ತಿತ್ತು. ಆದರೆ ಅದರಲ್ಲಿದ್ದ ಕುರಿ, ಹತ್ತಿಯ ಉಂಡೆಯ ಹಾಗೆ ಬೆಳ್ಳಗೆ ಉಬ್ಬಿಕೊಂಡಿತ್ತು. ಅಂಥ ಕುರಿಯನ್ನು ನಮ್ಮ ಯಾವ ಮಗುವೂ ನೋಡಿಲ್ಲ, ನಾನೂ ನೋಡಿಲ್ಲ. ನಮ್ಮ ಕಡೆ ಕುರಿ ಕಂದು, ಕಪ್ಪು, ಮಾಸಲು ಬಿಳಿ. ಗಿಡ್ಡ ಕೂದಲು. ಆ ಚಿತ್ರ ಒತ್ತಿದರೆ ಬರುತ್ತಿದ್ದ ಕೂಗೂ ಕುರಿಯದಲ್ಲ, ಮೇಕೆಯದು.

ಇದು ನನಗೆ ಮೊದಲ ದಿನವೇ ಗೊತ್ತಾಯಿತು. ನಮ್ಮಪ್ಪನಿಗೆ ಹತ್ತು ಕುರಿ, ಐದಾರು ಮೇಕೆ ಇದ್ದವು. ಶಾಲೆ ಬಿಟ್ಟ ಮೇಲೆ ಕೆರೆ ಏರಿಯ ಮೇಲೆ ಅವನ್ನು ಕಾಯುತ್ತಿದ್ದವಳು ನಾನೇ. ಕುರಿಯ ಕೂಗು ದಪ್ಪ, ಎದೆಯಿಂದ ಬಂದು ಮೊಟಕಾಗಿ ನಿಲ್ಲುತ್ತದೆ: ಬ್ಯಾ. ಮೇಕೆಯದು ತೆಳು, ಮೂಗಿನಲ್ಲಿ ನಡುಗಿಕೊಂಡು ಎಳೆಯುತ್ತದೆ, ಮಗು ಅತ್ತ ಹಾಗೆ: ಮೇಹೆಹೆಹೇ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೂ ಯಾರಿಗೂ ಹೇಳಲಿಲ್ಲ. ಕಂಪನಿಯವರು ಮಾಡಿದ್ದು, ಹಳ್ಳಿ ಹೆಂಗಸು ಏನು ಹೇಳುವುದು ಅಂತ, ಆ ಗುಂಡಿಯನ್ನು ಒತ್ತದೆ ಬಿಟ್ಟುಬಿಟ್ಟೆ. ಅದೇ ನನ್ನ ಉಪಾಯ.

ಆಗ ಯುಕೆಜಿಯಲ್ಲಿ ಜೈನಬ್ ಅಂತ ಒಂದು ಹುಡುಗಿ ಇದ್ದಳು. ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಓಣಿಯವಳು. ಮಾತು ಕಡಿಮೆ, ನನ್ನ ಹಾಗೆಯೇ. ಒಗಟು ಹೇಳುವಾಗ ಮಾತ್ರ ಮೊಣಕಾಲ ಮೇಲೆ ಎದ್ದು ಕೂರುತ್ತಿದ್ದಳು, ಕೈ ತಲೆಯ ಮೇಲೆ ಇರುತ್ತಿತ್ತು.

ಪೋಷಕರನ್ನು ಕರೆದು ತರಗತಿ ತೋರಿಸುವ ದಿನ ಬಂತು. ಹೊಸ ಮಕ್ಕಳನ್ನು ಸೇರಿಸುವ ತಂದೆ ತಾಯಿಗಳೂ ಬಂದಿದ್ದರು. ಗೋಡೆಗೆ ಒರಗಿ ಇಪ್ಪತ್ತು ಜನ ನಿಂತಿದ್ದರು, ಕೈಯಲ್ಲೆಲ್ಲ ಫೋನು. ಆ ವರ್ಷ ಮಕ್ಕಳು ಕಡಿಮೆಯಾಗಿದ್ದರಿಂದ ಸ್ಟೆಲ್ಲಾ ಮಿಸ್‌ಗೆ ಚಿಂತೆ ಇತ್ತು. ಅವರೇ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟು, "ಇದರಲ್ಲೇ ಮಾಡಿ, ಚೆನ್ನಾಗಿ ಕಾಣುತ್ತೆ," ಅಂದರು. ಹಸು ಆಯಿತು, ಹುಂಜ ಆಯಿತು. ಆಗ ಅವರೇ ಬಗ್ಗಿ ಕುರಿಯ ಗುಂಡಿ ಒತ್ತಿದರು. ಚಿತ್ರ ಮಕ್ಕಳಿಗೆ ಕಾಣದ ಹಾಗೆ ಪೆಟ್ಟಿಗೆ ನನ್ನ ಕಡೆ ತಿರುಗಿತ್ತು.

ಮೇಹೆಹೆಹೇ.

ಜೈನಬ್ ಕೈ ತಲೆಗೆ ಹೋಯಿತು. "ಹೇಳು ಜೈನಬ್," ಅಂದೆ.

"ಬಕ್ರಿ. ಮೇಕೆ."

ಸ್ಟೆಲ್ಲಾ ಮಿಸ್ ಪೆಟ್ಟಿಗೆಯನ್ನು ಎಲ್ಲರ ಕಡೆ ತಿರುಗಿಸಿ ನಗುತ್ತಾ, "ಓ, ಅಲ್ಲ ಪುಟ್ಟಾ, ನೋಡು, ಕುರಿ! ಅಲ್ವಾ ಜಯಾ ಮಿಸ್?" ಅಂದರು.

ಜೈನಬ್ ಪೆಟ್ಟಿಗೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಹೇಗೆ ಗೊತ್ತಾಯ್ತು ಅಂತ ನಾನು ಕೇಳುತ್ತೇನೆ ಅಂತ ಕಾಯುತ್ತಿದ್ದಳು. ದಿನಾ ಕೇಳುತ್ತಿದ್ದೆನಲ್ಲ. ಆ ದಿನ ನಾನು, "ಹೌದು, ಕುರಿ," ಅಂದೆ.

ಗೋಡೆಯ ಹತ್ತಿರ ಯಾರೋ ನಕ್ಕರು. ಒಬ್ಬ ಹುಡುಗ "ಜೈನಬ್ ರಾಂಗು, ಜೈನಬ್ ರಾಂಗು" ಅಂತ ರಾಗ ತೆಗೆದ. ಅವಳು ತಲೆಯ ಮೇಲಿನ ಕೈ ಇಳಿಸಿದಳು. ಅಳಲಿಲ್ಲ. ಅತ್ತಿದ್ದರೆ ಎತ್ತಿಕೊಳ್ಳುತ್ತಿದ್ದೆ.

ಮರುದಿನ ಬಂದಳು. ಒಗಟಿನ ಹೊತ್ತಿನಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಕರೆದು ಕೇಳಿದರೆ ತಲೆ ಅಲ್ಲಾಡಿಸಿದಳು. ಎರಡನೇ ದಿನವೂ ಅಷ್ಟೇ. ಆಮೇಲೆ ಬರುವುದನ್ನೇ ಬಿಟ್ಟಳು. ಜ್ವರ ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಅಡುಗೆ ಮಾಡಿದರೆ ಉಪ್ಪು ಎರಡು ಸಲ ಹಾಕುತ್ತಿದ್ದೆ. ಬಸ್ಸಿನಲ್ಲಿ ಇಳಿಯಬೇಕಾದ ಸ್ಟಾಪು ದಾಟಿಹೋಗುತ್ತಿತ್ತು. ನಾಲ್ಕನೇ ದಿನ ಅವಳ ತಾಯಿ ಫೋನ್ ಮಾಡಿ, ಮಗು ಬರುವುದಿಲ್ಲ ಅನ್ನುತ್ತಿದೆ, ಈ ವರ್ಷ ಮನೆಯಲ್ಲೇ ಇರಲಿ, ಸೋಮವಾರ ಬಂದು ಟಿ.ಸಿ. ತೆಗೆದುಕೊಳ್ಳುತ್ತೇವೆ ಅಂದರಂತೆ. ಆಫೀಸಿನ ಹುಡುಗಿ ಇದನ್ನು ಚಹಾ ಕುಡಿಯುತ್ತಾ ಹೇಳಿದಳು. ಅವತ್ತು ಶುಕ್ರವಾರ.

ಶನಿವಾರ ಬೆಳಿಗ್ಗೆ ಶಿವಾಜಿನಗರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದ ನಡೆದು ಓಣಿ ಹುಡುಕುವಷ್ಟರಲ್ಲಿ ಮೂರು ಸಲ ವಾಪಸು ಹೋಗೋಣ ಅನಿಸಿತು. ಮೆಟ್ಟಿಲ ಕೆಳಗೆ ಒಂದು ಕಂದು ಮೇಕೆ ಕಟ್ಟಿತ್ತು. ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ನನ್ನ ಐಡಿ ಕಾರ್ಡಿನ ದಾರ ನೋಡಿಯೇ ಗುರುತು ಹಿಡಿದರು. ಜೈನಬಳ ದಾದಿ, ಅಂದರೆ ಅಪ್ಪನ ತಾಯಿ.

"ಆವ್ ಟೀಚರಮ್ಮ, ಬನ್ನಿ. ಈ ಹುಡುಗಿ ಮೂರು ದಿನದಿಂದ ಯೂನಿಫಾರ್ಮ್ ಕಂಡ್ರೆ ಮಂಚದ ಕೆಳಗೆ ಹೋಗ್ತಾಳೆ. ಏನು, ಹೊಡೆದ್ರಾ?"

"ಇಲ್ಲಮ್ಮ. ಹೊಡೆಯಲಿಲ್ಲ."

"ಮತ್ತೆ? ಬಂದಳು, ನನ್ನ ಹತ್ರ ಕೇಳಿದಳು, ದಾದಿ, ನಮ್ಮ ರಾನಿ ಬಕ್ರಿ ಅಲ್ವಾ, ಕುರೀನಾ ಅಂತ. ನಾನು ನಕ್ಕುಬಿಟ್ಟೆ. ಹುಚ್ಚಿ, ಬಕ್ರೀದ್ ಹತ್ರ ಬಂದ್ರೆ ಈ ಓಣಿ ತುಂಬಾ ಎರಡೂ ನಿಂತಿರ್ತವೆ, ನಿಂಗೊತ್ತಿಲ್ವಾ ಅಂದೆ. ಆಮೇಲೆ ಅತ್ತಳು ನೋಡಿ, ಅಯ್ಯೋ ಅಲ್ಲಾ!"

ರಾನಿ ಅಂದರೆ ಮೆಟ್ಟಿಲ ಕೆಳಗಿನ ಮೇಕೆ. ಮಗು ನನ್ನ ಮಾತು ನಂಬಿ, ತನ್ನ ಮನೆಯ ಮೇಕೆಯನ್ನೇ ಅನುಮಾನಿಸಿದ್ದಳು. ಇದನ್ನು ಕೇಳಿ ಹೊಸ್ತಿಲ ಮೇಲೆ ಕೂತುಬಿಟ್ಟೆ.

ಜೈನಬ್ ಒಳಗಿನ ಪರದೆಯ ಹಿಂದೆ ಇದ್ದಳು. ಕಾಲ ಬೆರಳು ಕಾಣುತ್ತಿದ್ದವು.

"ಜೈನಬ್," ಅಂದೆ. "ಅವತ್ತು ಪೆಟ್ಟಿಗೇಲಿ ಕೂಗಿದ್ದು ಮೇಕೆ. ನೀನು ಹೇಳಿದ್ದೇ ಸರಿ. ನಂಗೂ ಗೊತ್ತಿತ್ತು. ಎಲ್ಲರ ಮುಂದೆ ಹೇಳೋಕೆ ಹೆದರಿಕೆ ಆಯ್ತು."

ಆಮೇಲೆ ಪರದೆಯ ಹಿಂದಿನಿಂದ ಕೇಳಿದಳು: "ಮಿಸ್‌ಗೂ ಹೆದರಿಕೆ ಆಗತ್ತಾ?"

"ಆಗತ್ತೆ."

"ನಾನು ಕೇಳ್ತೀನಿ, ನೀವು ಹೇಳಿ," ಅಂದಳು. ನಾನು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ದಾದಿ ಬೆಳ್ಳುಳ್ಳಿ ಬಿಟ್ಟು ನೋಡುತ್ತಿದ್ದರು.

"ನನ್ನ ಬಾಲ ಮೇಲೆ. ಎರಡು ಕಾಲಲ್ಲಿ ನಿಂತು ದಾದಿ ಕರಿಬೇವು ತಿಂತೀನಿ. ದಾದಿ ಬೈದ್ರೆ ಮೇಹೆಹೆಹೇ ಅಂತೀನಿ. ನಾನು ಯಾರು?"

ಮೇಘನಾ, ಅದಕ್ಕಿಂತ ಒಳ್ಳೆಯ ಒಗಟನ್ನು ನಾನು ಕಟ್ಟಿಲ್ಲ. ಮೇಕೆಯ ಬಾಲ ನೆಟ್ಟಗೆ ಮೇಲಿರುತ್ತದೆ, ಕುರಿಯದು ಕೆಳಗೆ ಜೋತುಬಿದ್ದಿರುತ್ತದೆ. ಕುರಿ ತಲೆ ತಗ್ಗಿಸಿ ನೆಲದ ಹುಲ್ಲು ಮೇಯುತ್ತದೆ, ಮೇಕೆ ನಿಂತು ಎಲೆ ಕೀಳುತ್ತದೆ. ಕೂಗು ಕೊನೆಗೆ. ಎಲ್ಲವೂ ಅವಳು ಕಣ್ಣಾರೆ ಕಂಡದ್ದು. ಐದು ಬೆರಳು ಮಡಿಸುವವರೆಗೂ ನನ್ನನ್ನು ಕಾಯಿಸಿದಳು.

"ಮೇಕೆ," ಅಂದೆ.

"ಹೇಗೆ ಗೊತ್ತಾಯ್ತು?"

"ಬಾಲ ಮೇಲೆ ಅಂದ್ಯಲ್ಲ, ಅದಕ್ಕೆ."

ಪರದೆ ಸರಿಯಿತು. ಆದರೆ ಶಾಲೆಗೆ ಬರುತ್ತೀಯಾ ಅಂದರೆ, "ಅಲ್ಲಿ ಎಲ್ಲರೂ ರಾಂಗು ಅಂತಾರೆ," ಅಂದಳು. ಅವಳು ಹೇಳಿದ್ದು ಸರಿ. ಹೊಸ್ತಿಲಲ್ಲಿ ಕೂತು ಹೇಳಿದ ಸತ್ಯ ಅವಳಿಗೆ ಸಾಲದು. ಸುಳ್ಳು ಹೇಳಿದ್ದು ಇಪ್ಪತ್ತು ಜನರ ಮುಂದೆ.

ಸೋಮವಾರ ಶಾಲೆ ಶುರುವಾಗುವ ಮುಂಚೆ ಸ್ಟೆಲ್ಲಾ ಮಿಸ್ ಕೋಣೆಗೆ ಹೋದೆ. ಅಷ್ಟು ವರ್ಷಗಳಲ್ಲಿ ಕರೆಯದೆ ಆ ಕೋಣೆಗೆ ಹೋದದ್ದು ಅದೇ ಮೊದಲು.

"ಮಿಸ್, ಪೆಟ್ಟಿಗೇಲಿರೋ ಕುರಿ ಮೇಕೆ," ಅಂದೆ.

"ಏನು?"

"ಚಿತ್ರ ಕುರೀದು. ಕೂಗು ಮೇಕೇದು. ಜೈನಬ್ ಹೇಳಿದ್ದು ಸರಿ."

ಅವರು ಕನ್ನಡಕ ತೆಗೆದರು. "ಜಯಾ, ಎರಡೂ ಒಂದೇ ಥರ ತಾನೇ ಕೂಗೋದು? ನಿಮಗೆ ಅಷ್ಟು ಖಾತ್ರೀನಾ?"

ಮಾತಿನಲ್ಲಿ ಹೇಳಲು ಬರಲಿಲ್ಲ. ಸೆರಗು ಸರಿಮಾಡಿಕೊಂಡು, ಅವರ ಮೇಜಿನ ಮುಂದೆ ನಿಂತು, ಮೊದಲು ಕುರಿಯ ಹಾಗೆ ಕೂಗಿದೆ. ಆಮೇಲೆ ಮೇಕೆಯ ಹಾಗೆ. ಸಾಲದು ಅನಿಸಿ ಇನ್ನೊಮ್ಮೆ, ಜೋರಾಗಿ. ಆಫೀಸಿನ ಹುಡುಗಿ ಬಾಗಿಲಿಗೆ ಓಡಿಬಂದಳು. ಸ್ಟೆಲ್ಲಾ ಮಿಸ್ ಪೆಟ್ಟಿಗೆ ತಂದು ಗುಂಡಿ ಒತ್ತಿದರು, ಕೇಳಿದರು, ಮತ್ತೆ ಒತ್ತಿದರು.

"ಅವತ್ತೇ ಯಾಕೆ ಹೇಳಲಿಲ್ಲ?" ಅಂದರು. ದನಿಯಲ್ಲಿ ಕೋಪವೇ ಇತ್ತು. "ನನ್ನ ಕೈಲಿ ಮಗುಗೆ ಸುಳ್ಳು ಹೇಳಿಸಿದ್ರಲ್ಲ."

ಆ ಮಾತು ಇವತ್ತಿಗೂ ಚುಚ್ಚುತ್ತದೆ, ಏಕೆಂದರೆ ಅದು ನಿಜ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಟಿ.ಸಿ. ತೆಗೆದುಕೊಳ್ಳಲು ತಾಯಿ, ದಾದಿ, ಜೈನಬ್ ಮೂವರೂ ಬಂದರು. ಸ್ಟೆಲ್ಲಾ ಮಿಸ್ ಆ ಮೂವರನ್ನೂ ಆಫೀಸಿನಲ್ಲಿ ಕೂರಿಸದೆ ನೇರವಾಗಿ ತರಗತಿಗೆ ಕರೆತಂದರು. ಮಕ್ಕಳನ್ನು ಬಿಡಲು ಬಂದ ಅಮ್ಮಂದಿರು ಬಾಗಿಲಲ್ಲೇ ಇದ್ದರು. ನಾನು ಎದ್ದು ನಿಂತೆ. "ಮಕ್ಕಳೇ, ಅವತ್ತು ಜೈನಬ್ ಮೇಕೆ ಅಂದಳು. ನಾನು ಕುರಿ ಅಂದೆ. ಜೈನಬ್ ಸರಿ. ಮಿಸ್ ರಾಂಗು," ಅಂದೆ. ರಾಗ ತೆಗೆದಿದ್ದ ಅದೇ ಹುಡುಗ ಕೂಡಲೇ "ಮಿಸ್ ರಾಂಗು, ಮಿಸ್ ರಾಂಗು" ಅಂತ ಶುರುಮಾಡಿದ. ಇಡೀ ತರಗತಿ ಸೇರಿಕೊಂಡಿತು. ಸ್ಟೆಲ್ಲಾ ಮಿಸ್ ತಡೆಯಲು ಹೋದರು, ನಾನು ಬೇಡ ಅಂದೆ. ಹಾಡಲಿ. ಅಷ್ಟು ಜನರ ಮುಂದೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡೆ.

ಆಮೇಲೆ, "ಜೈನಬ್, ಹೇಗೆ ಗೊತ್ತಾಯ್ತು?" ಅಂತ ಕೇಳಿದೆ.

ಅವಳು ದಾದಿಯ ಕೈ ಬಿಡಲಿಲ್ಲ. ನೆಲ ನೋಡುತ್ತಲೇ ಹೇಳಿದಳು: "ಕುರಿ ಬೇಗ ನಿಲ್ಸತ್ತೆ. ಬಕ್ರಿ ಅಳತ್ತೆ."

ಆ ದಿನ ಟಿ.ಸಿ. ತೆಗೆದುಕೊಳ್ಳಲಿಲ್ಲ. ಅವಳ ಕೈ ಮತ್ತೆ ತಲೆಯ ಮೇಲೆ ಹೋಗಲು ಇನ್ನೂ ಎರಡು ವಾರ ಬೇಕಾಯಿತು. ಕಾದೆ. ಪೆಟ್ಟಿಗೆಯನ್ನು ಎಸೆಯಲಿಲ್ಲ. ಕುರಿಯ ಚಿತ್ರದ ಮೇಲೆ ಸ್ಟೆಲ್ಲಾ ಮಿಸ್ ಕಾಗದ ಅಂಟಿಸಿದರು, ಜೈನಬ್ ಅದರ ಮೇಲೆ ಮೇಕೆ ಬರೆದಳು. ಆ ಮೇಕೆಗೆ ಐದು ಕಾಲಿದ್ದವು. ಅದರಲ್ಲಿ ಒಂದು ಬಾಲ ಅಂತ ಆಮೇಲೆ ತಿಳಿಯಿತು, ಮೇಲಕ್ಕೆ ಎತ್ತಿದ ಬಾಲ.

ಅದಾದ ಮೇಲೂ ನಾನು ಧೈರ್ಯವಂತೆಯೇನೂ ಆಗಲಿಲ್ಲ. ಈಗಲೂ ಬ್ಯಾಂಕಿನಲ್ಲಿ ಪೆನ್ನು ಕೇಳಲು ಹೆದರುತ್ತೇನೆ. ಆದರೆ ಮಕ್ಕಳ ಮುಂದೆ ಗೊತ್ತಿದ್ದದ್ದನ್ನು ಮುಚ್ಚಿಡಲಿಲ್ಲ. ಮೇಘನಾ, ನಿನ್ನ ಶಾಲೆಯಲ್ಲಿ ಪೆಟ್ಟಿಗೆಯ ಬದಲು ದೊಡ್ಡ ಪರದೆ ಇರುತ್ತದಂತೆ. ಇರಲಿ. ಅದರಲ್ಲಿ ಬರುವ ಪ್ರತಿಯೊಂದು ಕೂಗನ್ನೂ ಮೊದಲು ನೀನು ಕೇಳು. ಅನುಮಾನ ಬಂದರೆ ಆ ಪ್ರಾಣಿ ಇರುವ ಮನೆಯ ಮಗುವನ್ನು ಕೇಳು. ಚಿರಂತ್, ನೀನೂ ಒಮ್ಮೆ ಕಣ್ಣು ಮುಚ್ಚಿಕೊಂಡು ಎರಡನ್ನೂ ಕೇಳಿ ನೋಡು, ಆಮೇಲೆ ನನ್ನನ್ನು ನಗಿಸು.

ಇದರ ಜೊತೆಗಿಟ್ಟ ಹಾಳೆಗಳಲ್ಲಿ ನನ್ನ ಒಗಟುಗಳನ್ನೆಲ್ಲ ಬರೆದಿದ್ದೇನೆ: ಹಸು, ಎಮ್ಮೆ, ಎತ್ತು, ಹುಂಜ, ಕೋಳಿ, ಬಾತು, ಕತ್ತೆ, ಕುರಿ. ಬೇಕಾದ ಹಾಗೆ ತಿದ್ದಿಕೊಳ್ಳಿ. ಮೇಕೆಯದನ್ನು ಮಾತ್ರ ಜೈನಬ್ ಹೇಳಿದ ಮಾತಿನಲ್ಲೇ, ದಾದಿಯ ಕರಿಬೇವಿನ ಸಮೇತ ಬರೆದಿದ್ದೇನೆ, ಅದನ್ನು ತಿದ್ದಬೇಡಿ. ಅದು ನನ್ನದಲ್ಲ, ನಾನು ಇಟ್ಟುಕೊಂಡಿದ್ದೇನೆ ಅಷ್ಟೆ. ಇನ್ನು ನನಗೆ ವಯಸ್ಸಾಯಿತು, ಕಾಗದ ಎಲ್ಲೋ ಇಟ್ಟು ಮರೆಯುತ್ತೇನೆ. ಇಬ್ಬರಲ್ಲಿ ಯಾರಾದರೂ ಸರಿ, ಈ ಹಾಳೆಗಳನ್ನು ಒದ್ದೆಯಾಗದ ಕಡೆ, ಕೈಗೆ ಸಿಗುವ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ. ಆ ಹುಡುಗಿ ದೊಡ್ಡವಳಾಗಿ ಯಾವತ್ತಾದರೂ ಕೇಳಿಕೊಂಡು ಬಂದರೆ, ಅವಳ ಒಗಟು ಅವಳಿಗೆ ಸಿಗಬೇಕು.